ಹೆದ್ದಾರಿಯ ಶಾರ್ಕ್ ಎಲ್ಲಿಂದ ಬಂತು: ನನ್ನ ಅನುಭವ

ನೀರು ತುಂಬಿದ ಹೆದ್ದಾರಿಯಲ್ಲಿ ಶಾರ್ಕ್ ಈಜುವ ಫೋಟೋ ನೀವೂ ನೋಡಿರುತ್ತೀರಿ. ಅದು ನಕಲಿ ಅಂತ ಗೊತ್ತೇ ಇತ್ತು. ಆ ಶಾರ್ಕ್ ಮಾತ್ರ ಎಲ್ಲಿಂದ ಬಂತು ಅನ್ನೋದನ್ನ ಫೋಟೋ ಹಾಕಿ ಅದರ ಹಳೆಯ ಪ್ರತಿಗಳನ್ನು ಹುಡುಕುವ ರಿವರ್ಸ್ ಇಮೇಜ್ ಸರ್ಚ್‌ನಿಂದಲೇ ಹಿಡಿಯಬೇಕಿತ್ತು. ಆಗಲ್ಲ ಎಂದು ಜೊತೆಯವರು ಹೇಳಿದ್ದರು. ಆಯಿತು.

ಮೊದಲು ಇಡೀ ಫೋಟೋವನ್ನೇ ಹಾಕಿದೆ. ಇಂಥ ಹುಡುಕಾಟದ ತಾಣ TinEyeನಲ್ಲಿ ಹಳೆಯದು ಮೊದಲು ಬರಲೆಂದು Oldest ಆರಿಸಿದರೆ ಹುಡುಕಾಟ 2011ರ ಐರೀನ್ ಚಂಡಮಾರುತದ ಹೊತ್ತಿಗೆ ನಿಂತಿತು. ಅಲ್ಲಿ ಕಾಣುವ ತಾರೀಖು ವೆಬ್ ಜಾಲಾಡುವ ಅವರ ಕ್ರಾಲರ್ ಆ ಪ್ರತಿಯನ್ನು ಮೊದಲು ಕಂಡ ದಿನ, ಫೋಟೋ ತೆಗೆದ ದಿನ ಅಲ್ಲ. ಅದಕ್ಕಿಂತ ಹಿಂದೆ ಹೋಗಲೂ ಇಲ್ಲ. ಹೋಗುವುದಾದರೂ ಹೇಗೆ? ಎರಡು ಫೋಟೋ ಜೋಡಿಸಿದ್ದು ಆಗಲೇ ತಾನೇ.

ಶಾರ್ಕ್ ಮತ್ತು ಸುತ್ತಲಿನ ಸ್ವಲ್ಪ ನೀರನ್ನಷ್ಟೇ ಕತ್ತರಿಸಿದೆ. TinEyeನಲ್ಲಿ ಸೊನ್ನೆ. ಗೂಗಲ್ ಲೆನ್ಸ್ ಬೇರೆ ಬೇರೆ ಶಾರ್ಕ್‌ಗಳ ರಾಶಿಯನ್ನೇ ಸುರಿಯಿತು. ಅದು ಮೊದಲು ತೋರಿಸುವುದು ಹೆಚ್ಚಾಗಿ ಹೋಲುವುದನ್ನು, ಅದೇ ಫೋಟೋವನ್ನಲ್ಲ. ಕತ್ತರಿಸುವ ಅಂಚನ್ನು ಬದಲಿಸುತ್ತಾ ಹೋದ ಮೇಲೆ ರಷ್ಯಾದ ಸರ್ಚ್ ಎಂಜಿನ್ ಯಾಂಡೆಕ್ಸ್‌ನಲ್ಲಿ ಕಯಾಕ್ ಎಂಬ ಪುಟ್ಟ ದೋಣಿಯ ಫೋಟೋ ಬಂತು. ಅಂಚು ಎಲ್ಲಿಡಬೇಕು ಅನ್ನೋ ಉಪಾಯ ನನ್ನಲ್ಲೇ ಇರಲಿ. ಆ ಫೋಟೋ ಛಾಯಾಗ್ರಾಹಕ ಥಾಮಸ್ ಪೆಶಾಕ್ 2003ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತೆಗೆದದ್ದು, ಕಯಾಕ್‌ನ ಹಿಂದೆ ಬಿಳಿ ಶಾರ್ಕ್. ಹೋಲಿಕೆ ಸಾಲದು ಎಂದು ಎರಡನ್ನೂ ಲೇಯರ್ ಮಾಡಿ, ಮೇಲಿನದನ್ನು ಅರ್ಧ ಪಾರದರ್ಶಕ ಮಾಡಿದೆ. ಮೈಯ ಅಂಚು ಒಂದರ ಮೇಲೊಂದು ಕೂತಿತು.

ಇದಕ್ಕೂ ಮೊದಲು ನಕಲಿ ಪತ್ತೆ ಮಾಡುವ ಒಂದು ಸೇವೆಗೆ ಕೆಲವು ತಿಂಗಳು ಚಂದಾ ಕಟ್ಟಿದ್ದೆ. ಅದು ಶೇಕಡಾವಾರು ಅಂಕಿ ಕೊಟ್ಟಿತೇ ಹೊರತು ಒಂದು ಮೂಲವನ್ನೂ ತೋರಿಸಲಿಲ್ಲ. ಗೆದ್ದ ಹುಡುಕಾಟಕ್ಕೆ ಖರ್ಚೇ ಆಗಲಿಲ್ಲ.

ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಇಡೀ ಫೋಟೋವನ್ನು ಸುಮಾರು 200 ಪಿಕ್ಸೆಲ್ ಅಗಲಕ್ಕೆ ಇಳಿಸಿದರೂ ಸಿಗುತ್ತಿತ್ತು. ಎಡಬಲ ತಿರುಗಿಸಿದರೆ ಹೆಚ್ಚಿನ ಸಲ ಕೈಕೊಟ್ಟಿತು. ಆದ್ದರಿಂದ ಏನೂ ಸಿಗದಿದ್ದಾಗ, ಯಾರೋ ಮೊದಲೇ ತಿರುಗಿಸಿರಬಹುದು ಎಂದು ಒಮ್ಮೆ ತಿರುಗಿಸಿ ನೋಡಿ.

ಇಷ್ಟೆಲ್ಲ ಯಾಕೆ, ಮಾತನ್ನಷ್ಟೇ ಓದುವ AI ಟೆಕ್ಸ್ಟ್ ಮಾಡೆಲ್‌ಗೆ ಫೋಟೋವನ್ನು ವಿವರಿಸಿದರೆ ಸಾಕಲ್ವಾ ಎಂದು ಕೆಲವರು ಕೇಳಿದರು. ಸಾಲದು. ಅದಕ್ಕೆ ತಲುಪುವುದು ಬರೀ ಮಾತು. ಪಿಕ್ಸೆಲ್ ಇಲ್ಲ, ಹಳೆಯ ಪ್ರತಿಗಳ ಸೂಚಿಯೂ ಇಲ್ಲ. ‘ಪ್ರವಾಹದಲ್ಲಿ ಶಾರ್ಕ್’ ಎಂದರೆ ಅದು ತಾನು ಓದಿದ ಕಥೆಗಳ ಮೇಲೆ ನಕಲಿ ಎಂದು ಊಹಿಸಬಹುದು. ಹೆದ್ದಾರಿ ಫೋಟೋಗೆ ಆ ಊಹೆ ಸರಿಯಾಗಿಯೇ ಕೂರುತ್ತದೆ. ಆದರೆ 2022ರಲ್ಲಿ ಇಯಾನ್ ಚಂಡಮಾರುತ ಬಂದಾಗ, ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ನೀರು ನಿಂತ ಹಿತ್ತಲಲ್ಲಿ ಶಾರ್ಕ್‌ನಂಥ ಮೀನು ಒದ್ದಾಡುವ ವೀಡಿಯೋ ಓಡಾಡಿತು. ಅದನ್ನೂ ಜಾಸ್ತಿ ಜನ ನಂಬಲಿಲ್ಲ. ಅದು ನಿಜವಾಗಿತ್ತು. ಎರಡಕ್ಕೂ ವಿವರಣೆಯ ಮಾತು ಹೆಚ್ಚುಕಡಿಮೆ ಒಂದೇ. ಫೋರ್ಟ್ ಮೈಯರ್ಸ್ ವೀಡಿಯೋ ಅಸಲಿ ಎಂದು ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಖಚಿತಪಡಿಸಿದ್ದು, ತೆಗೆದ ಸಮಯದಂಥ ವಿವರ ಇರುವ ಮೂಲ ವೀಡಿಯೋದ ಮೆಟಾಡೇಟಾ ನೋಡಿ.