ಎರಡು ಅಡಿ ಸರಿದು ನಿಂತದ್ದಕ್ಕೆ

ಮುಂಬೈಗೆ ಬಂದು ಬ್ಯಾಂಕಿನ ಕೆಲಸ ಹಿಡಿದ ಮೇಲೂ ನನಗೆ ಕ್ರಿಕೆಟ್ ಬಿಡಲಾಗಲಿಲ್ಲ. ಆಡುವ ವಯಸ್ಸು ದಾಟಿತು, ಪರೀಕ್ಷೆ ಬರೆದು ಅಂಪೈರ್ ಆದೆ. ಭಾನುವಾರ ಬೆಳಿಗ್ಗೆ ಲೋಕಲ್ ಹತ್ತಿ ಆಜಾದ್ ಮೈದಾನಕ್ಕೆ ಹೋಗುತ್ತೇನೆ. ಅಲ್ಲಿ ಆಡಿದವರಿಗೆ ಗೊತ್ತು, ಪಕ್ಕ ಪಕ್ಕದಲ್ಲೇ ಪಿಚ್‌ಗಳು. ನಮ್ಮ ಮಿಡ್ ವಿಕೆಟ್‌ನಲ್ಲಿ ನಿಂತವನು ಪಕ್ಕದ ಪಂದ್ಯದ ಸ್ಲಿಪ್ ಫೀಲ್ಡರ್ ಆಗಿರಬಹುದು. ನಾನು ಕೊಟ್ಟ ಒಂದು ತಪ್ಪು ಸ್ಟಂಪಿಂಗ್‌ಗೂ ಈ ಇಕ್ಕಟ್ಟಿಗೂ ಸಂಬಂಧ ಇದೆ.

ಮಳೆಗಾಲದ ಪಂದ್ಯ ಅದು. ಪಿಚ್ ಮೆತ್ತಗಿತ್ತು. ನಾನು ಸ್ಕ್ವೇರ್ ಲೆಗ್‌ನಲ್ಲಿದ್ದೆ. ಆಫ್ ಸ್ಪಿನ್ನರ್ ಬೌಲಿಂಗ್, ಕೀಪರ್ ಸ್ಟಂಪಿಗೆ ಅಂಟಿಕೊಂಡು ನಿಂತಿದ್ದ. ಬ್ಯಾಟ್ಸ್‌ಮನ್ ಮುಂದೆ ಕಾಲಿಟ್ಟು ಡ್ರೈವ್ ಮಾಡಲು ಹೋದ, ಚೆಂಡು ತಪ್ಪಿತು. ಹಿಂದಿನ ಕಾಲು ಸ್ವಲ್ಪ ಎಳೆದುಕೊಂಡು ಮುಂದೆ ಬಂತು, ಹಿಮ್ಮಡಿ ಎದ್ದಿತ್ತು, ಬೆರಳ ತುದಿ ಮಾತ್ರ ನೆಲದಲ್ಲಿತ್ತು. ಬೇಲ್ಸ್ ಹಾರಿದವು. ನನ್ನ ಕಣ್ಣಿಗೆ ಬೂಟಿನ ತುದಿ ಗೆರೆಯ ಮೇಲೆ ಕಂಡಿತು. ಬೆರಳೆತ್ತಿದೆ.

ಗೆರೆಯ ಮೇಲೆ ಇದ್ದರೆ ಸಾಕಲ್ವಾ ಎಂದು ತುಂಬ ಜನ ಕೇಳುತ್ತಾರೆ. ಸಾಲದು. ಸುಣ್ಣದ ಪಟ್ಟಿಗೆ ಎರಡು ಅಂಚು ಇರುತ್ತವೆ. ಅದರಲ್ಲಿ ಸ್ಟಂಪಿನ ಕಡೆಯ ಅಂಚೇ ನಿಜವಾದ ಕ್ರೀಸ್. ಅದು ಸ್ಟಂಪುಗಳ ನಡುವಿನಿಂದ 4 ಅಡಿ ಮುಂದಿರುತ್ತದೆ. ಕಾಲೋ ಬ್ಯಾಟೋ ಆ ಅಂಚಿನ ಹಿಂದೆ ನೆಲ ಮುಟ್ಟಿರಬೇಕು. ಸುಣ್ಣದ ಮೇಲಷ್ಟೇ ಇದ್ದರೆ ಹೊರಗೆ. ಅಂದರೆ ನಿಯಮ ನಾನು ಸರಿಯಾಗಿಯೇ ಹಿಡಿದಿದ್ದೆ. ತಪ್ಪಿದ್ದು ಬೇರೆ ಕಡೆ.

ಬ್ಯಾಟ್ಸ್‌ಮನ್ ಏನೂ ಅನ್ನಲಿಲ್ಲ. ಬಗ್ಗಿ ತನ್ನ ಕಾಲಿದ್ದ ಜಾಗವನ್ನು ಒಮ್ಮೆ ನೋಡಿ ಹೊರಟುಹೋದ. ಆ ನೋಟ ನನ್ನನ್ನು ಕೊರೆಯಿತು. ಡ್ರಿಂಕ್ಸ್ ಹೊತ್ತಿಗೆ ನಾನೂ ಹೋಗಿ ಬಗ್ಗಿದೆ. ಒದ್ದೆ ಮಣ್ಣಿನಲ್ಲಿ ಸ್ಪೈಕ್ ಎಳೆದ ಗುರುತು ಹಾಗೇ ಇತ್ತು. ಅದು ನಿಂತದ್ದು ಅಂಚಿನಿಂದ ಸುಮಾರು ಒಂದು ಇಂಚು ಹಿಂದೆ. ಅವನು ಒಳಗಿದ್ದ.

ನನ್ನ ಜೊತೆ ಅಂಪೈರ್ ಕುಂದಾಪುರದ ಕಡೆಯವರು, ನನಗಿಂತ ಹಿರಿಯರು. ಅವರೂ ಬಂದು ನೋಡಿದರು. ಬೈಯಲಿಲ್ಲ. "ನೀವು ನಿಂತದ್ದು ಎಲ್ಲಿ ಮಾರಾಯ್ರೆ?" ಎಂದು ಕೇಳಿದರು ಅಷ್ಟೇ.

ಆಗ ನೆನಪಾಯಿತು. ನನ್ನ ಜಾಗದಲ್ಲಿ ಪಕ್ಕದ ಪಂದ್ಯದ ಫೀಲ್ಡರ್ ಒಬ್ಬ ನಿಂತಿದ್ದ. ಜಗಳ ಯಾಕೆ ಎಂದು ನಾನು ಎರಡು ಅಡಿ ಬೌಲರ್ ಕಡೆಗೆ ಸರಿದಿದ್ದೆ. ಅಷ್ಟು ದೂರದಿಂದ ನೋಡುವಾಗ ಎರಡು ಅಡಿ ಏನು ಮಹಾ ಅನ್ನಿಸಿತ್ತು.

ಮುಂದಿನ ಭಾನುವಾರ ಟಾಸ್‌ಗೆ ಮುಂಚೆ ಇಬ್ಬರೂ ಇದನ್ನು ಮಾಡಿ ನೋಡಿದೆವು. ಅವರು ತಮ್ಮ ಬೂಟೊಂದನ್ನು ಸ್ಟಂಪುಗಳ ನೇರಕ್ಕೆ, ಅಂಚಿನಿಂದ ಒಂದು ಇಂಚು ಹಿಂದೆ ಇಟ್ಟರು. ಗೆರೆಯ ನಡುವಿನ ಭಾಗದ ಮೇಲೂ ಆಚೆ ತುದಿಯ ಮೇಲೂ ಮಣ್ಣು ಎಳೆದು ಮುಚ್ಚಿದರು. ಪಂದ್ಯದಲ್ಲಿ ಆಗುವುದೂ ಅದೇ. ಗಾರ್ಡ್ ತೆಗೆದುಕೊಳ್ಳುವವರು ಕೆರೆದು ಕೆರೆದು ಇಪ್ಪತ್ತು ಓವರ್ ಆಗುವಷ್ಟರಲ್ಲಿ ನಡುವಿನ ಗೆರೆ ಮಾಯ. ಒಂದು ಮಳೆ ಬಿದ್ದರೆ ಇನ್ನಷ್ಟು ಹೋಗುತ್ತದೆ. ಅಂಪೈರ್ ಕಡೆಯ ತುದಿ ಮಾತ್ರ ಬೆಳ್ಳಗೆ ಉಳಿದಿರುತ್ತದೆ. ನಮ್ಮ ಕಣ್ಣು ಆ ತುದಿಯಿಂದ ಕಾಲಿನವರೆಗೆ ಇಲ್ಲದ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಗೆರೆಯ ನೇರಕ್ಕೆ ನಿಂತಾಗ ಬೂಟು ಸ್ಪಷ್ಟವಾಗಿ ಒಳಗಿತ್ತು. ಎರಡು ಅಡಿ ಬೌಲರ್ ಕಡೆಗೆ ಸರಿದೆ. ಬೂಟು ಗೆರೆಯ ಮೇಲೆ ಬಂತು. ಯಾರೂ ಮುಟ್ಟಿರಲಿಲ್ಲ.

ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದೆ. ನನ್ನ ಕಣ್ಣಿನಿಂದ ಗೆರೆಯ ಹತ್ತಿರದ ತುದಿಗೆ ಸುಮಾರು 60 ಅಡಿ. ಅಲ್ಲಿಂದ ಕಾಲಿಗೆ ಇನ್ನೂ 4 ಅಡಿ. ನಾನು 2 ಅಡಿ ಪಕ್ಕಕ್ಕಿದ್ದರೆ ನನ್ನ ನೋಟ ಓರೆಯಾಗಿ ಸಾಗಿ, ಕಾಲಿನ ಹತ್ತಿರ ನಿಜವಾದ ಗೆರೆಗಿಂತ ಒಂದೂವರೆ ಇಂಚಿಗಿಂತ ತುಸು ಜಾಸ್ತಿಯೇ ಸ್ಟಂಪಿನ ಕಡೆಗೆ ಹೋಗಿರುತ್ತದೆ. ಬ್ಯಾಟ್ಸ್‌ಮನ್ ಬರೀ ಒಂದು ಇಂಚು ಒಳಗಿದ್ದ. ನನಗೆ ಹೊರಗೆ ಕಾಣದೆ ಇನ್ನೇನು? ಇದೇ ನಾನು ಸ್ಟಂಪಿನ ಕಡೆಗೆ ಸರಿದಿದ್ದರೆ ಹೊರಗಿದ್ದವನೂ ಒಳಗೆ ಕಾಣುತ್ತಿದ್ದ. ಟಿವಿಯಲ್ಲಿ ರನ್‌ಔಟ್ ನೋಡಲು ಕ್ಯಾಮೆರಾವನ್ನು ಕ್ರೀಸಿನ ನೇರಕ್ಕೇ ಇಡುವುದು ಇದಕ್ಕೇ. 1992ರಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್‌ಗೆ ಮೂರನೇ ಅಂಪೈರ್ ಮೊದಲ ಬಾರಿ ರನ್‌ಔಟ್ ಕೊಟ್ಟಾಗಿನಿಂದ ನಾವೆಲ್ಲ ಆ ಚಿತ್ರಕ್ಕೆ ಒಗ್ಗಿಹೋಗಿದ್ದೇವೆ. ಮೈದಾನದಲ್ಲಿ ಆ ಕ್ಯಾಮೆರಾ ನಾವೇ.

ಅಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪಂದ್ಯ ಶುರುವಾಗುವ ಮೊದಲು, ಗೆರೆ ಪೂರ್ತಿ ಇರುವಾಗಲೇ, ನನ್ನ ಜಾಗಕ್ಕೆ ಹೋಗಿ ಗೆರೆ ಒಂದಿಷ್ಟೂ ವಾಲದೆ ನೆಟ್ಟಗೆ ಕಾಣುವವರೆಗೆ ಸರಿಯುತ್ತೇನೆ. ಆಗ ಅದರ ನೇರಕ್ಕೆ ಆಚೆ ಕಡೆ ಏನು ಕಾಣುತ್ತದೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಟೆಂಟಿನ ಕಂಬವೋ ಮರವೋ, ಅಲ್ಲಾಡದ್ದು ಏನಾದರೂ ಆಗುತ್ತದೆ. ಪಿಚ್‌ನ ಎರಡೂ ತುದಿಗೆ ಒಂದೊಂದು. ಆಮೇಲೆ ಸುಣ್ಣ ಅಳಿಸಿದರೂ ಗೆರೆಯ ಹತ್ತಿರದ ತುದಿ ಮತ್ತು ಕಂಬ ಒಂದೇ ಸಾಲಿಗೆ ಬಂದರೆ ನಾನು ನೇರಕ್ಕಿದ್ದೇನೆ. ಒಮ್ಮೆ ನಿಂತಿದ್ದ ಸ್ಕೂಟರನ್ನು ಗುರುತಿಟ್ಟುಕೊಂಡಿದ್ದೆ. ಊಟಕ್ಕೆ ಮುಂಚೆ ಅದರ ಯಜಮಾನ ಬಂದು ತೆಗೆದುಕೊಂಡು ಹೋದ.

ಇನ್ನೊಂದು ವಿಷಯ ಕಣ್ಣಿನದು. ಚೆಂಡು ಬರುತ್ತಿದ್ದರೆ ಅದನ್ನೇ ನೋಡಬೇಕು ಅನ್ನಿಸುತ್ತದೆ. ರನ್‌ಔಟ್‌ನಲ್ಲಿ ಎಸೆತ ಯಾವ ತುದಿಗೆ ಅಂತ ತಿಳಿಯುವಷ್ಟು ಹೊತ್ತು ಮಾತ್ರ ನಾನು ಚೆಂಡನ್ನು ನೋಡುತ್ತೇನೆ. ಆಮೇಲೆ ಕಣ್ಣು ಗೆರೆಯ ಮೇಲೆ. ಸ್ಟಂಪು ನೋಟದ ಅಂಚಿನಲ್ಲಿ ಹೇಗೂ ಇರುತ್ತದೆ. ಬೇಲ್ ಮೇಲಿನಿಂದ ಪೂರ್ತಿ ಬಿಟ್ಟ ಕ್ಷಣದಲ್ಲಿ ಬ್ಯಾಟ್ ಎಲ್ಲಿತ್ತು ಅನ್ನುವುದೇ ಪ್ರಶ್ನೆ. ಬೇಲ್ ಅಲ್ಲಾಡಿ ಮತ್ತೆ ಕೂತರೆ ವಿಕೆಟ್ ಮುರಿದ ಹಾಗಲ್ಲ. ಬ್ಯಾಟ್ ಗೆರೆ ದಾಟಿದರೂ ಗಾಳಿಯಲ್ಲಿದ್ದರೆ ಔಟ್. ಆದರೆ ಓಡಿಬಂದವನು ಗೆರೆಯಾಚೆ ಒಮ್ಮೆ ಬ್ಯಾಟ್ ಊರಿದ್ದು, ಅದೇ ಓಟದಲ್ಲಿ ಅದು ಪುಟಿದು ಮೇಲೆದ್ದರೆ ಅವನು ಉಳಿದ. ಇದು 2017ರ ನಿಯಮಗಳಿಂದ ಬಂದದ್ದು. ಮೈದಾನದ ಹಳೇ ಆಟಗಾರರು ಈಗಲೂ ಇದಕ್ಕೆ ಅಪೀಲ್ ಮಾಡಿ, ಕೊಡದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ.

ಬೌಲರ್ ತುದಿಯಲ್ಲಿರುವಾಗ ಕಷ್ಟ ಜಾಸ್ತಿ. ಅಲ್ಲಿ ನಾವು ಸ್ಟಂಪಿನ ಹಿಂದೆ ಇರುತ್ತೇವೆ. ಅಲ್ಲೇ ನಿಂತು ನೋಡಿದರೆ ಬ್ಯಾಟ್ ಗೆರೆ ತಲುಪಿತೋ ಇಲ್ಲವೋ ಹೇಳಲಿಕ್ಕಾಗುವುದೇ ಇಲ್ಲ. ಹೊಡೆದ ತಕ್ಷಣ ಪಕ್ಕಕ್ಕೆ ಓಡಿ ಕ್ರೀಸಿನ ನೇರಕ್ಕೆ ಬಂದು, ನಿಂತು ನೋಡಬೇಕು. ಓಡುತ್ತಾ ನೋಡಿದರೆ ತಲೆ ಕುಲುಕಿ ಗೆರೆಯೂ ಕುಲುಕುತ್ತದೆ. ಎರಡು ಹೆಜ್ಜೆ ಕಡಿಮೆಯಾದರೂ ಸರಿ, ಎಸೆತ ಬರುವ ಹೊತ್ತಿಗೆ ನಾನು ನಿಂತುಬಿಡುತ್ತೇನೆ. ಪೂರ್ತಿ ನೇರಕ್ಕೆ ಬರದಿದ್ದರೆ ಎಷ್ಟು ತಪ್ಪು ಕಾಣಬಹುದು ಅನ್ನುವುದು ಈಗ ಗೊತ್ತಲ್ಲ. ಆ ಒಂದೆರಡು ಇಂಚು ಬ್ಯಾಟ್ಸ್‌ಮನ್‌ಗೇ ಹೋಗುತ್ತದೆ.

ಪಕ್ಕದ ಪಂದ್ಯದ ಫೀಲ್ಡರ್ ಈಗಲೂ ನನ್ನ ಜಾಗಕ್ಕೆ ಬರುತ್ತಾನೆ. ಮೊದಲು ಹಿಂದಿಯಲ್ಲೋ ಮರಾಠಿಯಲ್ಲೋ ಸರಿಯಲು ಹೇಳುತ್ತೇನೆ. ಸರಿಯದಿದ್ದರೆ ಆಫ್ ಸೈಡಿಗೆ ಹೋಗುತ್ತೇನೆ. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ, ಫೀಲ್ಡಿಂಗ್ ಕ್ಯಾಪ್ಟನ್‌ಗೂ ಸ್ಟ್ರೈಕರ್‌ಗೂ ಜೊತೆ ಅಂಪೈರಿಗೂ ಹೇಳಿದರೆ ಸಾಕು. ಮೊನ್ನೆ ಹಾಗೆ ಹೇಳಲು ಹೋದಾಗ ಸ್ಟ್ರೈಕ್‌ನಲ್ಲಿದ್ದವನು ನನ್ನನ್ನೇ ನೋಡಿ ನಕ್ಕ. ಅದೇ ಹುಡುಗ. "ಇವತ್ತು ಗೆರೆ ಸರಿಯಾಗಿ ಕಾಣುತ್ತಾ ಸರ್?" ಎಂದು ಮರಾಠಿಯಲ್ಲಿ ಕೇಳಿದ.