ಗೇನ್, ಜೀರೊ ಎರಡೂ ಒಟ್ಟಿಗೆ ಬದಲಾದಾಗ ರೂಟ್ ಕಾಂಟೂರ್ ಬರೆಯುವುದು ಹೇಗೆ?

ಚಿಕ್ಕಮಗಳೂರಿನ ಹತ್ತಿರದ ಒಂದು ತೋಟದಲ್ಲಿ ಕಾಫಿ ಡ್ರೈಯರ್‌ಗೆ ಹೋಗುವ ಬಿಸಿಗಾಳಿಯ ದಾರಿಗೆ ತಗಡಿನ ಬಾಗಿಲು ಹಾಕಿದ್ದಾರೆ. ಅದನ್ನು ತಿರುಗಿಸುವುದು ಒಂದು ಚಿಕ್ಕ ಮೋಟರ್. ಬಾಗಿಲಿನ ಭಾರ ಯಾವಾಗಲೂ ಒಂದೇ ಕಡೆ ಎಳೆಯುತ್ತದೆ, ಹಾಗಾಗಿ ಬರೀ ಗೇನ್ ಇಟ್ಟರೆ ಅದು ಹೇಳಿದ ಜಾಗಕ್ಕೆ ಸ್ವಲ್ಪ ಮುಂಚೆಯೇ ನಿಂತುಬಿಡುತ್ತದೆ. ಅದಕ್ಕೇ ಪಿಐ ಕಂಟ್ರೋಲರ್ ಬೇಕು. ಪಿಐನಲ್ಲಿ ತಿರುಗಿಸುವ ಗುಂಡಿ ಎರಡು: ಗೇನ್ K, ಜೀರೊ ಕೂರುವ ಜಾಗ z. ರೂಟ್ ಲೋಕಸ್‌ನಲ್ಲಿ ಒಂದು ಗುಂಡಿಯನ್ನು ಮಾತ್ರ ತಿರುಗಿಸಬಹುದು, ಅಲ್ವಾ? ಎರಡನ್ನೂ ತಿರುಗಿಸುವ ದಾರಿಯೇ ರೂಟ್ ಕಾಂಟೂರ್.

ಲೆಕ್ಕ ಸುಲಭವಾಗಲಿ ಅಂತ ಮೋಟರನ್ನು 1/(s(s+4)) ಎಂದು ಇಟ್ಟುಕೊಳ್ಳೋಣ. ಕಂಟ್ರೋಲರ್ K(s+z)/s. ಲೂಪ್ ಮುಚ್ಚಿದಾಗ ಸಿಗುವ ಸಮೀಕರಣ ಇದು:

```
s^3 + 4s^2 + K s + K z = 0
```

ಮೊದಲು z ಸೊನ್ನೆ ಮಾಡಿ. ಆಗ ಉಳಿಯುವುದು s(s² + 4s + K) = 0. ಒಂದು ಬೇರು ಸೊನ್ನೆಯಲ್ಲೇ ಕೂತಿರುತ್ತದೆ. ಉಳಿದೆರಡು K ಹೆಚ್ಚಿದಂತೆ 0 ಮತ್ತು −4ರಿಂದ ಹೊರಟು, K = 4 ಆದಾಗ −2ರಲ್ಲಿ ಸೇರಿ, ಅಲ್ಲಿಂದ ನೇರ ಮೇಲೆ ಕೆಳಗೆ ಹೋಗುತ್ತವೆ. K = 8ಕ್ಕೆ −2 ± j2, K = 20ಕ್ಕೆ −2 ± j4. ಗ್ರಾಫ್ ಹಾಳೆಯಲ್ಲಿ ಈ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಚುಕ್ಕಿ ಇಡಿ. ಸೊನ್ನೆಯ ಚುಕ್ಕಿಯನ್ನು ಮರೆಯುವವರೇ ಜಾಸ್ತಿ, ಅದು ಬಿಟ್ಟುಹೋದರೆ ಮುಂದಿನ ಚಿತ್ರವೆಲ್ಲ ತಪ್ಪು.

ಈಗ ಒಂದು K ಹಿಡಿದು z ಬಿಡಿ. ಸಮೀಕರಣವನ್ನು ಹೀಗೆ ತಿರುಗಿಸಿ ಬರೆಯಿರಿ:

```
1 + K z / ( s (s^2 + 4s + K) ) = 0
```

ಇದು ಮಾಮೂಲಿ ರೂಟ್ ಲೋಕಸ್ ರೂಪವೇ. ಪೋಲ್‌ಗಳು ಮಾತ್ರ ಮೋಟರಿನವಲ್ಲ, ಈಗಷ್ಟೇ ಇಟ್ಟ ಚುಕ್ಕಿಗಳು. ಪ್ರತಿ K ಬೆಲೆಗೂ ಒಂದೊಂದು ಗೆರೆ ಗುಂಪು ಆ ಚುಕ್ಕಿಗಳಿಂದ ಹೊರಡುತ್ತದೆ. ಇಲ್ಲೊಂದು ಎಚ್ಚರ: ಗೆರೆ ಮೇಲೆ ಓಡುವ ಬೆಲೆ z ಅಲ್ಲ, Kz. K = 20ರ ಗೆರೆಯಲ್ಲಿ 20 ಎಂದು ಓದಿದ ಜಾಗಕ್ಕೆ z = 1 ಎಂದು ಗುರುತು ಹಾಕಬೇಕು.

ಗೆರೆ ಸರಿ ಇದೆಯಾ ಅಂತ ನೋಡಲು ಮೂರು ಬೇರುಗಳನ್ನು ಕೂಡಿಸಿ. s²ನ ಮುಂದಿನ 4ರಲ್ಲಿ Kನೂ ಇಲ್ಲ zನೂ ಇಲ್ಲ, ಹಾಗಾಗಿ ಮೊತ್ತ ಯಾವಾಗಲೂ −4 ಬರಬೇಕು. ಜೋಡಿ ಬೇರುಗಳು ಬಲಕ್ಕೆ ಸರಿದರೆ ಒಂಟಿ ಬೇರು ಅದರ ಎರಡರಷ್ಟು ಎಡಕ್ಕೆ ಹೋಗಲೇಬೇಕು.

ಬೇರುಗಳು jω ಅಕ್ಷವನ್ನು ದಾಟುವ ಜಾಗ ನೋಡಿ. z = 4 ಆದಾಗ ಸಮೀಕರಣ (s+4)(s²+K) ಎಂದು ಒಡೆಯುತ್ತದೆ. ಅಂದರೆ K ಎಷ್ಟೇ ಇರಲಿ, z 4 ಮುಟ್ಟಿದ ಕ್ಷಣ ಬಾಗಿಲು ನಿಲ್ಲದೆ ತೂಗಾಡಲು ಶುರು. ಗೇನ್ ಇಳಿಸಿದರೆ ತೂಗಾಟ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಇದು ಈ ಮಾದರಿಯ ಮಾತು. ನಿಜವಾದ ಮೋಟರಿನಲ್ಲಿ ಇನ್ನಷ್ಟು ವಿಳಂಬ ಇರುತ್ತದೆ, ಅಲ್ಲಿ ಗೇನ್‌ಗೂ ಒಂದು ಮಿತಿ ಬರುತ್ತದೆ.

ಒಂದೇ zನ ಗುರುತುಗಳನ್ನು ಸೇರಿಸಿ. ನನಗೆ ತುಂಬಾ ಇಷ್ಟವಾಗುವ ಹೆಜ್ಜೆ ಇದು. ಎಲ್ಲ ಗೆರೆಗಳ ಮೇಲಿರುವ z = 1 ಚುಕ್ಕಿಗಳನ್ನು ಜೋಡಿಸಿ. ಕೈಲೆಕ್ಕ ಬೇಜಾರಾದರೆ ಇಷ್ಟು ಸಾಕು:

```
import numpy as np
z = 1
for K in (4, 8, 20):
    print(K, np.roots([1, 4, K, K*z]))
```

K = 8ಕ್ಕೆ ಬೇರುಗಳು −2 ಮತ್ತು −1 ± j1.73. ಮೂರೂ 2ರ ತ್ರಿಜ್ಯದ ವೃತ್ತದ ಮೇಲಿವೆ, ಡ್ಯಾಂಪಿಂಗ್ 0.5. K = 20 ಮಾಡಿದರೆ ಡ್ಯಾಂಪಿಂಗ್ ಸುಮಾರು 0.34ಕ್ಕೆ ಇಳಿಯುತ್ತದೆ, ಇದು ನಿರೀಕ್ಷಿಸಿದ್ದೇ. ಆದರೆ K = 4ಕ್ಕೆ ಇಳಿಸಿದರೂ ಅದು ಸುಮಾರು 0.38ಕ್ಕೆ ಬೀಳುತ್ತದೆ! ತೂಗಾಡ್ತಿದೆ ಅಂತ ಸುಮ್ನೆ ಗೇನ್ ಇಳಿಸುತ್ತಾ ಹೋದವರು ಇನ್ನೂ ಜಾಸ್ತಿ ತೂಗಾಡಿಸುವುದು ಇಲ್ಲೇ. ಆಗ ಮುಟ್ಟಬೇಕಾದ್ದು z. K = 8 ಇಟ್ಟು z = 0.5 ಮಾಡಿದರೆ ಡ್ಯಾಂಪಿಂಗ್ 0.69 ಆಗುತ್ತದೆ. ಅದಕ್ಕೆ ತೆರುವ ಬೆಲೆಯೂ ಇದೆ: ಒಂಟಿ ಬೇರು −0.7ಕ್ಕೆ ಬರುತ್ತದೆ, ಬಾಗಿಲಿನ ಭಾರದಿಂದ ಆದ ತಪ್ಪು ಸರಿಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ.

ಕೊನೆಗೆ ಜೀರೊವನ್ನೂ ನೋಡಿ. ಕಾಂಟೂರ್ ತೋರಿಸುವುದು ಪೋಲ್‌ಗಳನ್ನು ಮಾತ್ರ. ಡ್ಯಾಂಪಿಂಗ್ 0.5 ಎಂದರೆ ಸುಮಾರು 16 ಶೇಕಡಾ ಮಿತಿಮೀರುತ್ತದೆ ಎಂದು ನಾವು ಕಲಿತಿದ್ದು ಜೀರೊ ಇಲ್ಲದ ಎರಡು ಪೋಲ್‌ಗಳಿಗೆ. K = 8, z = 1ರಲ್ಲಿ 1ರ ಸ್ಟೆಪ್‌ಗೆ ಬಾಗಿಲು ಕೊಡುವ ಉತ್ತರವನ್ನು ಬಿಡಿಸಿ ಬರೆದರೆ 1 + e^(−2t) − 2e^(−t)cos(1.73t) ಬರುತ್ತದೆ, ಅದರ ತುದಿ 1.43. 30 ಡಿಗ್ರಿ ತೆರೆ ಎಂದರೆ ಬಾಗಿಲು 43 ಡಿಗ್ರಿಗೆ ಹೋಗಿ ವಾಪಸ್ ಬರುತ್ತದೆ. ಹೇಳಿದ ಕೋನ ಇಂಟಿಗ್ರಲ್ ಭಾಗಕ್ಕೆ ಮಾತ್ರ ಹೋಗುವಂತೆ, ಗೇನ್ ಭಾಗಕ್ಕೆ ಬಾಗಿಲಿನ ಅಳತೆ ಮಾತ್ರ ಹೋಗುವಂತೆ ಜೋಡಿಸಿದರೆ ಪೋಲ್‌ಗಳು ಅಲ್ಲೇ ಇರುತ್ತವೆ, ಜೀರೊ ಹೊರಟುಹೋಗುತ್ತದೆ. ಆಗ ಅದೇ ಬಾಗಿಲು 32 ಡಿಗ್ರಿ ದಾಟುತ್ತಲೇ ಹಿಂದಕ್ಕೆ ತಿರುಗುತ್ತದೆ.