ಅರ್ಧ ಇಂಚಿನ ಪೈಪ್ ಥ್ರೆಡ್ಡಲ್ಲಿ ಅರ್ಧ ಇಂಚು ಎಲ್ಲೂ ಇಲ್ಲ

ಐಟಿಐ ಮುಗಿಸಿ ಪೀಣ್ಯದ ಒಂದು ಸಣ್ಣ ಶಾಪ್‌ಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಪ್ರೆಷರ್ ಗೇಜ್ ಕೂರಿಸೋ ಅಡಾಪ್ಟರ್ ಆರು ಪೀಸ್ ಬೇಕು ಅಂತ ಒಂದು ಡ್ರಾಯಿಂಗ್ ಬಂತು. 27 ಎಂಎಂ ಹೆಕ್ಸ್ ಹಿತ್ತಾಳೆ ರಾಡ್. ಒಂದು ತುದಿಯಲ್ಲಿ ಹೊರ ಥ್ರೆಡ್, ಇನ್ನೊಂದು ತುದಿಯಲ್ಲಿ ಒಳ ಥ್ರೆಡ್, ನಡುವೆ 6 ಎಂಎಂ ತೂತು. ಎರಡೂ ತುದಿಗೂ ಬರೆದಿದ್ದು ಒಂದೇ: G 1/2, ಅಂದ್ರೆ ಅರ್ಧ ಇಂಚಿನ ಪ್ಯಾರಲಲ್ ಪೈಪ್ ಥ್ರೆಡ್.

ಅರ್ಧ ಇಂಚು ಅಂದ್ರೆ 12.7, ಅಷ್ಟು ಗೊತ್ತಿರಲ್ವಾ? ಹೊರ ಥ್ರೆಡ್ ಬರೋ ಕಡೆ ಆರೂ ಪೀಸನ್ನು 12.7ಕ್ಕೆ ನೀಟಾಗಿ ಟರ್ನಿಂಗ್ ಮಾಡಿ, ಮೈಕ್ರೋಮೀಟರಿನಲ್ಲಿ ಅಳೆದು, ಸಾಲಾಗಿ ಜೋಡಿಸಿಟ್ಟೆ. ಮೇಸ್ತ್ರಿ ಬಂದು ನೋಡಿದರು. ಏನೂ ಹೇಳಲಿಲ್ಲ. ರ‍್ಯಾಕಿನಿಂದ ಒಂದು ಅರ್ಧ ಇಂಚಿನ ಕಪ್ಲಿಂಗ್ ತಂದು ನನ್ನ ಪೀಸಿನ ಮೇಲೆ ಇಟ್ಟರು. ಅದು ಬಳೆ ಥರ ಜಾರಿ ಹೆಕ್ಸ್ ತನಕ ಹೋಗಿ ಕೂತಿತು. ಸುತ್ತಲೂ ಬೆರಳು ತೂರಿಸೋ ಅಷ್ಟು ಅಲ್ಲದಿದ್ರೂ ಪೆನ್ಸಿಲ್ ಸೀಸ ತೂರಿಸೋ ಅಷ್ಟು ಜಾಗ ಇತ್ತು. "ಏನಪ್ಪಾ, ಇದಕ್ಕೆ ಥ್ರೆಡ್ ಎಲ್ಲಿ ಹಾಕ್ತೀಯಾ, ಗಾಳಿಯಲ್ಲಾ?" ಅಂದರು. ಆರು ಪೀಸೂ ಗುಜರಿಗೆ ಹೋಯಿತು.

ಆಮೇಲೆ ಅವರು ಒಂದು ಜಿಐ ಪೈಪಿನ ತುಂಡು ಕೊಟ್ಟು ಅಳೆಯೋಕೆ ಹೇಳಿದರು. ಅಂಗಡಿಯಲ್ಲಿ ಅರ್ಧ ಇಂಚು ಅಂತಾನೇ ಕೊಡೋ ಪೈಪ್ ಅದು. ಹೊರಗೆ 21.3ರ ಹತ್ತಿರ ಬಂತು. ಗೋಡೆಯ ದಪ್ಪ 2.6, ಅಂದ್ರೆ ಒಳಗೆ 16ರ ಚಿಲ್ಲರೆ. 12.7 ಅನ್ನೋ ಅಳತೆ ಆ ಪೈಪಿನಲ್ಲಿ ಎಲ್ಲೂ ಇಲ್ಲ! ಹಳೇ ಕಾಲದ ಕಬ್ಬಿಣದ ಪೈಪಿಗೆ ಒಳಗಿನ ತೂತಿನ ಅಳತೆಯನ್ನೇ ಹೆಸರಾಗಿ ಇಟ್ಟಿದ್ದರು. ಆಮೇಲೆ ಗೋಡೆ ತೆಳುವಾಗುತ್ತಾ ಬಂತು, ಆದರೆ ಥ್ರೆಡ್, ಡೈ, ಫಿಟಿಂಗ್ ಎಲ್ಲ ಹೊರಗಿನ ಅಳತೆಗೆ ಹೊಂದಿಕೊಂಡಿದ್ದರಿಂದ ಅದನ್ನು ಮುಟ್ಟೋ ಹಾಗಿರಲಿಲ್ಲ. ಹಾಗಾಗಿ ತೆಳುವಾಗಿದ್ದೆಲ್ಲ ಒಳಗಿನಿಂದ, ತೂತು ದೊಡ್ಡದಾಯಿತು, ಹೆಸರು ಮಾತ್ರ ಉಳಿಯಿತು. ನನ್ನ ಅಡಾಪ್ಟರನ್ನೇ ನೋಡಿ, ತೂತು ಬರೀ 6 ಎಂಎಂ, ಆದ್ರೂ ಅದು ಅರ್ಧ ಇಂಚಿನ ಥ್ರೆಡ್ಡೇ.

ಸರಿ, ಹೆಸರಿಗೆ ಏನೋ ಒಂದಿಷ್ಟು ಕೂಡಿಸಿದರೆ ಹೊರ ಅಳತೆ ಸಿಗಬಹುದು ಅಂತ ಅವತ್ತು ರಾತ್ರಿ ರೂಮಲ್ಲಿ ಕೂತು ಲೆಕ್ಕ ಹಾಕಿದೆ. ಅರ್ಧ ಇಂಚಿನ ಥ್ರೆಡ್ಡಿನ ಹೊರ ಅಳತೆ, ಅಂದ್ರೆ ಮೇಜರ್ ಡಯಾ, 20.955, ಹೆಸರಿಗಿಂತ 8.255 ಜಾಸ್ತಿ. ಮುಕ್ಕಾಲು ಇಂಚಿಗೆ 26.441, ಅಲ್ಲಿ ವ್ಯತ್ಯಾಸ 7.391. ಒಂದು ಇಂಚಿಗೆ 33.249, ವ್ಯತ್ಯಾಸ 7.849. ಕಾಲು ಇಂಚಿಗೆ 13.157, ವ್ಯತ್ಯಾಸ 6.807. ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಒಂದು ಲೆಕ್ಕಕ್ಕೂ ಬಗ್ಗೋದಿಲ್ಲ. ಮೇಜರ್ ಡಯಾವನ್ನು ಟೇಬಲ್ ನೋಡಿಯೇ ತಗೋಬೇಕು, ಬೇರೆ ದಾರಿ ಇಲ್ಲ. ನಮ್ಮಲ್ಲಿ ಐಎಸ್ 2643, ಹೊರಗಡೆ ಐಎಸ್ಓ 228, ಎರಡರಲ್ಲೂ ಇದೇ ಅಂಕಿಗಳು.

ಆದರೆ ಟೇಬಲ್ಲಿನಲ್ಲಿ ಮೈನರ್ ಡಯಾ, ಅಂದ್ರೆ ಥ್ರೆಡ್ಡಿನ ಅತಿ ಒಳಗಿನ ಅಳತೆ, ಬೇರೆ ನೆನಪಿಡಬೇಕಿಲ್ಲ ಅನ್ನೋದು ಅವತ್ತೇ ಗೊತ್ತಾಯಿತು. ಈ ಥ್ರೆಡ್ಡಿನ ಆಕಾರ ವಿಟ್ವರ್ತ್, 55 ಡಿಗ್ರಿ, ಮೇಲೂ ಕೆಳಗೂ ದುಂಡಗೆ. ಅದರ ಆಳ ಯಾವಾಗಲೂ ಪಿಚ್ಚಿನ 0.6403 ಪಾಲು. ಎರಡು ಕಡೆಯ ಆಳ ಸೇರಿಸಿ ಮೇಜರ್‌ನಿಂದ ಕಳೆದರೆ ಮೈನರ್. ಪಿಚ್ ಅಂದ್ರೆ 25.4ನ್ನು ಇಂಚಿಗೆ ಎಷ್ಟು ಥ್ರೆಡ್ ಅನ್ನೋದರಿಂದ ಭಾಗಿಸೋದು. ಎಲ್ಲ ಒಟ್ಟು ಮಾಡಿದರೆ ಇಷ್ಟೇ ಉಳಿಯುತ್ತೆ, D ಮೇಜರ್, d ಮೈನರ್, n ಇಂಚಿಗೆ ಥ್ರೆಡ್:

```
d = D - 32.53 / n
```

ಇನ್ನೊಂದು ಅನುಕೂಲ ಅಂದ್ರೆ ಈ n ಬರೀ ನಾಲ್ಕು ಥರ. ಅರೆಕಾಲು ಇಂಚು, ಅಂದ್ರೆ 1/8, ಮತ್ತೆ ಅದಕ್ಕಿಂತ ಚಿಕ್ಕದಕ್ಕೆ 28. ಕಾಲು ಮತ್ತು 3/8ಕ್ಕೆ 19. ಅರ್ಧದಿಂದ 7/8 ತನಕ 14. ಒಂದು ಇಂಚಿನಿಂದ ಮೇಲೆ ಎಲ್ಲಕ್ಕೂ 11. ಅರ್ಧ ಇಂಚಿಗೆ 32.53ನ್ನು 14ರಿಂದ ಭಾಗಿಸಿದರೆ 2.324. 20.955ರಲ್ಲಿ ಅದನ್ನು ಕಳೆದರೆ 18.631. ಟೇಬಲ್ ತೆಗೆದು ನೋಡಿದೆ, ಅದೇ ಅಂಕಿ. ಆ ನಾಲ್ಕು ಸಂಖ್ಯೆ, ಜೊತೆಗೆ ದಿನಾ ಬಳಸೋ ಐದಾರು ಮೇಜರ್ ಡಯಾ, ಇಷ್ಟನ್ನು ನನ್ನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟೆ, ಇವತ್ತಿಗೂ ಇದೆ.

ಮಾರನೇ ದಿನ ಹೊಸ ರಾಡ್. ಹೊರ ಥ್ರೆಡ್ಡಿಗೆ 20.955ಕ್ಕೇ ಟರ್ನಿಂಗ್ ಮಾಡಬೇಕಿಲ್ಲ, ಅದು ಮೇಲಿನ ಮಿತಿ. ಕೆಳಗೆ 20.671 ತನಕ ಇಳಿಯಬಹುದು. ನಾನು 20.85ಕ್ಕೆ ನಿಲ್ಲಿಸಿದೆ. ಆಮೇಲೆ 55 ಡಿಗ್ರಿ ಟೂಲಿನಲ್ಲಿ ಒಂದು ಕಡೆಗೆ 1.16ರ ಹತ್ತಿರ ಆಳ ಹೋಗುವ ತನಕ ಕಟ್, ಕೊನೆಯಲ್ಲಿ ಕೂದಲೆಳೆಯಷ್ಟು ತಗೊಂಡು ತಗೊಂಡು ರಿಂಗ್ ಗೇಜ್ ಹಾಕಿ ನೋಡೋದು. ಕೆಲವರು ಮೆಟ್ರಿಕ್ಕಿಗೆ ಮಸೆದಿಟ್ಟ 60 ಡಿಗ್ರಿ ಟೂಲನ್ನೇ ಓಡಿಸಿಬಿಡ್ತಾರೆ. ಥ್ರೆಡ್ ನೋಡೋಕೆ ಚೆನ್ನಾಗೇ ಇರುತ್ತೆ, ಆದರೆ ಪಕ್ಕದ ಗೋಡೆ ಪೂರ್ತಿ ತಾಗೋದಿಲ್ಲ. ಇನ್ನು ಕೆಲವರು ಮೆಟ್ರಿಕ್ ಲೇತಿನಲ್ಲಿ 1.814 ಪಿಚ್ ಸಿಗಲಿಲ್ಲ ಅಂತ 1.75ಕ್ಕೆ ಹಾಕ್ತಾರೆ. ಸುತ್ತು ಸುತ್ತಿಗೂ 0.064 ಹಿಂದೆ ಬೀಳುತ್ತೆ. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಹಿಡ್ಕೊಂಡು ನಿಲ್ಲುತ್ತೆ. ಹಾಗೆ ಹಿಡ್ಕೊಂಡರೆ ಡಯಾ ಜಾಸ್ತಿ ಆಯ್ತು ಅಂತ ಮತ್ತೆ ಕಟ್ ಕೊಡೋಕೆ ಹೋಗಬೇಡಿ. ಮೊದಲು ಪಿಚ್ ಗೇಜ್ ಇಟ್ಟು ನೋಡಿ.

ಒಳ ಥ್ರೆಡ್ಡಿನಲ್ಲಿ ನಾನು ಇನ್ನೊಂದು ಸಲ ಎಡವಿದೆ, ಅದು ಸುಮಾರು ಒಂದು ವರ್ಷದ ನಂತರ. ಅದೇ ಅಡಾಪ್ಟರ್, ಈ ಸಲ ಸ್ಟೇನ್‌ಲೆಸ್ ಸ್ಟೀಲಿನಲ್ಲಿ. ಈಗ ನನಗೆ ಎಲ್ಲ ಗೊತ್ತಿತ್ತಲ್ಲ! ಮೈನರ್ 18.631 ಅಂತ ಬೋರಿಂಗ್ ಟೂಲ್ ಹಾಕಿ ಸರಿಯಾಗಿ 18.63ಕ್ಕೆ ಬೋರ್ ಮಾಡಿ ಟ್ಯಾಪ್ ಇಳಿಸಿದೆ. ನಾಲ್ಕನೇ ಸುತ್ತಿಗೇ ಕಿರ್ ಅಂತು. ಹಿಂದೆ ಮುಂದೆ ಆಡಿಸಿ, ಎಣ್ಣೆ ಬಿಟ್ಟು, ಹೇಗೋ ಹೊರಗೆ ತೆಗೆದರೆ ಥ್ರೆಡ್ಡಿನ ತುದಿಗಳೆಲ್ಲ ಹರಿದು ಹಲ್ಲು ಕಿತ್ತ ಬಾಚಣಿಗೆ ಥರ ಆಗಿದ್ದವು. ತಪ್ಪು ಏನಂದ್ರೆ, ಟೇಬಲ್ಲಿನ ಮೈನರ್ ಡಯಾ ಒಳ ಥ್ರೆಡ್ಡಿಗೆ ಅತಿ ಕಡಿಮೆ ಅಳತೆ. ಅದಕ್ಕಿಂತ ಚಿಕ್ಕದಾಗಬಾರದು ಅಷ್ಟೇ. ಮೇಲೆ 0.541 ಬಿಟ್ಟಿದ್ದಾರೆ, ಅಂದ್ರೆ 19.172 ತನಕ ಹೋಗಬಹುದು. ಟ್ಯಾಪ್ ಕಟ್ ಮಾಡುವಾಗ ಲೋಹ ಸ್ವಲ್ಪ ಒಳಗೆ ಉಬ್ಬುತ್ತೆ, ಸ್ಟೇನ್‌ಲೆಸ್ ಇನ್ನೂ ಜಾಸ್ತಿ. ಮೊದಲೇ ಜಾಗ ಬಿಡದಿದ್ದರೆ ಟ್ಯಾಪು ತನ್ನ ಬುಡದಲ್ಲೂ ಲೋಹ ಕೊರೆಯಬೇಕಾಗುತ್ತೆ. ಅದಕ್ಕೇ ಅರ್ಧ ಇಂಚಿಗೆ ಎಲ್ಲರೂ 19 ಎಂಎಂ ಡ್ರಿಲ್ ಹಾಕೋದು. ಕಾಲು ಇಂಚಿಗೆ ಮೈನರ್ 11.445 ಇದ್ದರೂ ಡ್ರಿಲ್ 11.8. ಒಂದು ಇಂಚಿಗೆ 30.291, ಡ್ರಿಲ್ 30.75.

ಈಗ ಜಾಸ್ತಿ ಬರೋದು ಉಲ್ಟಾ ಕೆಲಸ. ಯಾರೋ ಹಳೇ ಫಿಟಿಂಗ್ ತಂದು "ಸಾರ್, ಇದಕ್ಕೆ ಸೇರೋದು ಮಾಡ್ಕೊಡಿ" ಅಂತಾರೆ, ಹೆಸರು ಕೇಳಿದರೆ ಗೊತ್ತಿಲ್ಲ. ಹೋದ ತಿಂಗಳು ಒಬ್ಬರು ತಂದಿದ್ದ ನಿಪ್ಪಲ್ ಮೇಲೆ ವರ್ನಿಯರ್ ಇಟ್ಟೆ, 20.8. ತೂತು 10ರ ಹತ್ತಿರ, ಅದರಿಂದಾಗಿ ಅವರು ಅದನ್ನು 3/8 ಅಂತಲೇ ನಂಬಿದ್ದರು. 3/8ರ ಮೇಜರ್ 16.662, ಹತ್ತಿರವೂ ಬರೋದಿಲ್ಲ. ಪಿಚ್ ಗೇಜಿನಲ್ಲಿ 14 ಕೂತಿತು. 20.8, 14, ಅಂದ್ರೆ ಅರ್ಧ ಇಂಚು.

ಆದರೆ ಅಲ್ಲಿಗೇ ನಿಲ್ಲಿಸೋ ಹಾಗಿಲ್ಲ. ಟೇಪರ್ ಪೈಪ್ ಥ್ರೆಡ್ಡಿಗೂ ಪಿಚ್ ಅದೇ, ಒಂದು ಜಾಗದಲ್ಲಿ ಡಯಾನೂ ಅದೇ 20.955. ಅದಕ್ಕೆ ತುದಿಯಲ್ಲಿ ಒಂದು ಸಲ, 10 ಎಂಎಂ ಒಳಗೆ ಒಂದು ಸಲ ಅಳೀತೀನಿ. ಟೇಪರ್ 16ಕ್ಕೆ 1 ಇರೋದರಿಂದ 10 ಎಂಎಂ ಒಳಗೆ ಡಯಾ 0.6ರಷ್ಟು ಬೆಳೆದಿರುತ್ತೆ, ವರ್ನಿಯರಿಗೆ ಖಂಡಿತ ಸಿಗುತ್ತೆ. ಎರಡೂ ಕಡೆ ಒಂದೇ ಬಂದರೆ ಪ್ಯಾರಲಲ್. ಅಮೆರಿಕದ ಅರ್ಧ ಇಂಚಿನ ಎನ್‌ಪಿಟಿಗೂ ಇಂಚಿಗೆ 14 ಥ್ರೆಡ್ಡೇ, ಕಷ್ಟ ಇರೋದು ಅಲ್ಲೇ. ಅದು 60 ಡಿಗ್ರಿ, ಟೇಪರ್. ಪಿಚ್ ಗೇಜಿನ 14ರ ಎಲೆ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಪಕ್ಕದಲ್ಲಿ ಸಣ್ಣ ಸಂದು ಕಾಣುತ್ತೆ, ಗೇಜ್ ವಿಟ್ವರ್ತ್ ಸೆಟ್ಟಿನದಾಗಿರಬೇಕು ಅಷ್ಟೇ.

ಆ ನಿಪ್ಪಲ್ ತುದಿಯಲ್ಲೂ 20.8, ಒಳಗೂ 20.8 ಬಂತು, ಗೇಜಿನಲ್ಲಿ ಸಂದು ಇರಲಿಲ್ಲ. ಅದಕ್ಕೆ ಸೇರೋ ಸಾಕೆಟ್ಟಿಗೆ 19 ಎಂಎಂ ಡ್ರಿಲ್ ಹಾಕಿ ಟ್ಯಾಪ್ ಮಾಡಿಕೊಟ್ಟೆ. ಒಂದು ಗಂಟೆ ಬಿಟ್ಟು ಅವರ ಫೋನ್, ಟೆಫ್ಲಾನ್ ಟೇಪ್ ಎಂಟು ಸುತ್ತು ಸುತ್ತಿದ್ದೀನಿ, ಆದ್ರೂ ನೀರು ಜಿನುಗ್ತಿದೆ ಅಂತ. G ಥ್ರೆಡ್ ಇರೋದು ಹಿಡಿದಿಡೋಕೆ, ಸೋರಿಕೆ ತಡೆಯೋದು ಮುಖದ ಮೇಲೆ ಕೂರೋ ವಾಷರ್. ಟೇಪ್ ಬಿಚ್ಚಿ ತಾಮ್ರದ ವಾಷರ್ ಹಾಕಿ ಬಿಗಿ ಮಾಡಿ ಅಂದೆ. ಆಮೇಲೆ ಫೋನ್ ಬರಲಿಲ್ಲ.